ಗಾಳಿಯೋ ಗ್ಯಾಸೋ

ಕರೆಂಟು ಇರುವಾಗ ಕರೆಂಟಿನವರ ನೆನಪು ಯಾರಿಗೂ ಇರುವುದಿಲ್ಲ. ಹೋದ ಕೂಡಲೇ ನಾವಷ್ಟೇ ಅಲ್ಲ, ನಮ್ಮ ಅಪ್ಪ ಅಮ್ಮನೂ ಎಲ್ಲರಿಗೂ ನೆನಪಾಗುತ್ತಾರೆ. ಹೊಸಗದ್ದೆಯ ಕರೆಂಟ್ ಸ್ಟೇಷನ್ನಿನಲ್ಲಿ ಆಪರೇಟರ್ ಆಗಿ ಸೇರಿದ ಮೇಲೆ ನಾನು ಕಲಿತ ಮೊದಲ ಪಾಠ ಅದು. ಫೋನ್ ಎತ್ತಿದರೆ ಬೈಗುಳ, ಎತ್ತದಿದ್ದರೆ ಇನ್ನೂ ದೊಡ್ಡ ಬೈಗುಳ. ಅದೂ ಜನವರಿಯಲ್ಲಿ, ಕಾಫಿ ಕುಯ್ಲಿನ ಹೊತ್ತಿನಲ್ಲಿ, ಎಸ್ಟೇಟುಗಳಲ್ಲಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ತಿರುಗುತ್ತಿರುವಾಗ ಕರೆಂಟು ತೆಗೆದರೆ ಅಲ್ಲಿ ಲೆಕ್ಕ ಬರೆಯುವ ರೈಟರುಗಳ ಬಾಯಿಂದ ಬರುವ ಮಾತನ್ನು ಇಲ್ಲಿ ಬರೆಯುವಂತಿಲ್ಲ.

ಆ ದಿನ ಮಾತ್ರ ಕರೆಂಟು ಬೇಕಾಗಿದ್ದದ್ದು ನನಗೇ. ನನ್ನ ಹೆಂಡತಿ ಭವ್ಯಾ ಚೊಚ್ಚಲ ಹೆರಿಗೆಗೆ ಕಳಸದ ತವರಿಗೆ ಹೋಗಿದ್ದಳು. ಬೆಳಿಗ್ಗೆ ಅತ್ತೆ ರಂಗಮ್ಮ ಬೂತಿನಿಂದ ಫೋನ್ ಮಾಡಿ, ನೋವು ಶುರುವಾಗಿದೆ, ಆಸ್ಪತ್ರೆಗೆ ಸೇರಿಸಿದ್ದೇವೆ ಎಂದರು. ಅದು ಡಾಕ್ಟರಮ್ಮ ಒಬ್ಬರೇ ನಡೆಸುವ ಸಣ್ಣ ಹೆರಿಗೆ ಆಸ್ಪತ್ರೆ. ನನ್ನ ಪಾಳಿ ಬಿಡಿಸಬೇಕಾದ ಮಂಜಯ್ಯ ಸಂಜೆಗೆ ಬರುವವನು. ಅಲ್ಲಿಯವರೆಗೆ ಸ್ಟೇಷನ್ ಬಿಟ್ಟು ಹೋಗುವ ಹಾಗಿಲ್ಲ. ಕುರ್ಚಿಯಲ್ಲಿ ಕೂತಿದ್ದೆನೇ ಹೊರತು ಜೀವ ಕಳಸದಲ್ಲಿತ್ತು.

ಮಧ್ಯಾಹ್ನ ಊಟದ ಡಬ್ಬಿ ತೆಗೆಯುವಾಗ ಕಂಟ್ರೋಲ್ ರೂಮಿನ ಗಂಟೆ ಹೊಡೆದುಕೊಂಡಿತು. ಪ್ಯಾನೆಲ್ ನೋಡಿದರೆ ಬುಕೋಲ್ಜ್ ಅಲಾರಂ. ಅದೇ ದಿನ ಎರಡನೆಯ ಸಲ.

ಈ ಬುಕೋಲ್ಜ್ ರಿಲೇ ಎನ್ನುವುದು ಟ್ರಾನ್ಸ್‌ಫಾರ್ಮರಿನ ದೊಡ್ಡ ಟ್ಯಾಂಕಿಗೂ ಅದರ ತಲೆಯ ಮೇಲಿರುವ ಎಣ್ಣೆ ಡ್ರಮ್ಮಿಗೂ ನಡುವಿನ ಪೈಪಿನಲ್ಲಿ ಕೂತಿರುವ ಒಂದು ಕಬ್ಬಿಣದ ಡಬ್ಬಿ. ಯಾವಾಗಲೂ ಅದರ ತುಂಬ ಎಣ್ಣೆ. ಟ್ಯಾಂಕಿನೊಳಗೆ ಎಲ್ಲಾದರೂ ಅತಿಯಾಗಿ ಕಾದರೆ, ಕಿಡಿ ಹಾರಿದರೆ, ಎಣ್ಣೆ ಒಡೆದು ಗ್ಯಾಸ್ ಆಗುತ್ತದೆ. ಗುಳ್ಳೆಗಳು ಮೇಲೇರಿ ಈ ಡಬ್ಬಿಯಲ್ಲಿ ಸೇರಿಕೊಳ್ಳುತ್ತವೆ. ಗ್ಯಾಸ್ ಸೇರಿದಷ್ಟೂ ಎಣ್ಣೆ ಇಳಿಯುತ್ತದೆ, ಎಣ್ಣೆಯ ಜೊತೆ ಮೇಲಿನ ತೇಲುಬುರುಡೆ ಇಳಿಯುತ್ತದೆ, ಗಂಟೆ ಹೊಡೆಯುತ್ತದೆ. ಒಳಗೆ ದೊಡ್ಡ ಅನಾಹುತವೇ ಆಗಿ ಎಣ್ಣೆ ಒಮ್ಮೆಗೇ ಮೇಲಕ್ಕೆ ನುಗ್ಗಿದರೆ ಕೆಳಗಿನ ಬುರುಡೆ ತಿರುಗಿ, ಹೊರಗೆ ಹೋಗುವ ಕರೆಂಟು ಕಡಿದು ಟ್ರಿಪ್ ಮಾಡುತ್ತದೆ. ಗಂಟೆ ಎಂದರೆ ಎಚ್ಚರಿಕೆ, ಟ್ರಿಪ್ ಎಂದರೆ ಕೈಮೀರಿತು ಎಂದು ಅರ್ಥ.

ಆದರೆ ಗಂಟೆ ಹೊಡೆದದ್ದೆಲ್ಲ ಗ್ಯಾಸೇ ಆಗಬೇಕಿಲ್ಲ. ಕೆಲವು ದಿನದ ಹಿಂದೆ ಎಣ್ಣೆ ಫಿಲ್ಟರ್ ಮಾಡಿಸಿದ್ದೆವು. ಆ ಕೆಲಸವಾದ ಮೇಲೆ ಮೂಲೆ ಮುಡುಕಿನಲ್ಲಿ ಸಿಕ್ಕಿಕೊಂಡ ಗಾಳಿ ಬಿಡಿಸಿಕೊಂಡು ಬಂದು ಇದೇ ಡಬ್ಬಿಗೆ ಸೇರಿ ಇದೇ ಗಂಟೆ ಹೊಡೆಸುತ್ತದೆ. ಮೊದಲ ದಿನ ಎರಡು ಮೂರು ಸಲ ಬಂತು, ಆಮೇಲೆ ಅಪರೂಪವಾಯಿತು, ಆಮೇಲೆ ನಿಂತೇ ಹೋಗಿತ್ತು. ಆ ಬೆಳಿಗ್ಗೆ ಮತ್ತೆ ಗಂಟೆ ಹೊಡೆದಾಗ ಮೆಕ್ಯಾನಿಕ್ ಮಾರಯ್ಯ "ಉಳಿದ ಗಾಳಿ ಮಾರಾಯ" ಎಂದು ಹೇಳಿ, ಲೈನ್ ತೆಗೆಸಿ ಕರೆಂಟು ನಿಲ್ಲಿಸಿ, ಮೇಲೆ ಹತ್ತಿ, ಡಬ್ಬಿಯ ನಲ್ಲಿ ಬಿಟ್ಟು ಇಳಿದಿದ್ದ. ಏನು ಹೋಯಿತೋ ಯಾರೂ ನೋಡಲಿಲ್ಲ.

ಎರಡನೆಯ ಗಂಟೆಯ ಹೊತ್ತಿಗೆ ನಮ್ಮ ಎಇ, ಅಂದರೆ ಅಸಿಸ್ಟೆಂಟ್ ಇಂಜಿನಿಯರ್, ತ್ರಿಪುರಸುಂದರಿ ಮೇಡಂ ಸ್ಟೇಷನ್ನಿನಲ್ಲೇ ಇದ್ದರು. ಕಳಸದ ಪುರೋಹಿತರ ಮನೆಯ ಮಗಳು. ಆ ಉದ್ದ ಹೆಸರು ಕರೆಯುವಷ್ಟರಲ್ಲಿ ಫ್ಯೂಸ್ ಹೋಗುತ್ತದೆ ಎಂದು ಲೈನ್‌ಮನ್‌ಗಳು ಅವರ ಬೆನ್ನ ಹಿಂದೆ ನಗುತ್ತಿದ್ದರು. ಎದುರಿಗೆ ನಗುವ ಧೈರ್ಯ ಯಾರಿಗೂ ಇರಲಿಲ್ಲ.

"ಗಾಳಿ ಆಗಿದ್ರೆ ಬರಬರ್ತಾ ಕಮ್ಮಿ ಆಗ್ಬೇಕು. ನಿಂತಿದ್ದು ಮತ್ತೆ ಶುರುವಾಗಿ ಒಂದೇ ದಿನ ಎರಡು ಸಲ ಬಂದ್ರೆ ಅದು ಗಾಳಿ ಅಂತ ಹೇಗ್ ಹೇಳ್ತೀರಿ ಮಾರಯ್ಯ?" ಎಂದರು.

"ಎಷ್ಟು ಸ್ಟೇಷನ್ ನೋಡಿದೀನಿ ಮೇಡಂ. ಫಿಲ್ಟರ್ ಆದ್ಮೇಲೆ ಬರೋದೇ ಗಾಳಿ."

"ಇರ್ಲಿ. ಲೈನ್ ತೆಗೀರಿ, ಈ ಸಲ ಹಿಡಿದು ನೋಡೋಣ."

ನಮ್ಮ ರಿಲೇಯ ನಲ್ಲಿ ಟ್ರಾನ್ಸ್‌ಫಾರ್ಮರಿನ ನೆತ್ತಿಯ ಮೇಲೆ, ಹೈವೋಲ್ಟೇಜ್ ತಂತಿಗಳ ಪಕ್ಕದಲ್ಲೇ ಇತ್ತು. ಲೈನ್ ತೆಗೆಯದೆ ಅಲ್ಲಿಗೆ ಹತ್ತಿದವನು ನೇರವಾಗಿ ದೇವರ ಪಾದ ಸೇರುತ್ತಾನೆ. ಇಡೀ ಸ್ಟೇಷನ್ನಿಗೆ ಇದ್ದದ್ದು ಅದೊಂದೇ ಟ್ರಾನ್ಸ್‌ಫಾರ್ಮರ್. ಅದನ್ನು ತೆಗೆದರೆ ಬಾಳೂರಿನಿಂದ ಕಳಸದ ತನಕ ಕತ್ತಲೆ. ನಾನು ತೆಗೆದೆ. ಎರಡೂ ಕಡೆ, ಉಳಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ತಿಂಗ್ ರಾಡು ಹಾಕಿದೆ. ಗುಂಯ್ ಎನ್ನುತ್ತಿದ್ದ ಅಂಗಳ ಒಮ್ಮೆಗೇ ಮೌನವಾಯಿತು.

ಒಳಗೆ ಬರುವಷ್ಟರಲ್ಲಿ ಫೋನ್.

"ಅಳಿಯಂದ್ರೆ, ಇಲ್ಲಿ ಕರೆಂಟ್ ಹೋಯ್ತು!" ರಂಗಮ್ಮ ಕೂಗಿದರು. "ಮಗು ಅಡ್ಡ ತಿರುಗಿದ್ಯಂತೆ. ಆಪರೇಷನ್ ಮಾಡ್ಬೇಕಾಗ್ಬೋದು ಅಂತ ಡಾಕ್ಟ್ರಮ್ಮ ಹೇಳ್ತಿದಾರೆ. ಜನರೇಟರಿಗೆ ಡೀಸೆಲ್ ಇಲ್ಲ, ತರೋಕೆ ಹೋದೋನು ಬಂದಿಲ್ಲ. ಬೇಗ ಕೊಡ್ಸಿ, ನಿಮ್ ಕೈಲೇ ಇದೆ ಅಲ್ವಾ?"

ನನ್ನ ಕೈಯಲ್ಲೇ ಇತ್ತು. ಅಂಗಳಕ್ಕೆ ಓಡಿ ಇಬ್ಬರಿಗೂ ವಿಷಯ ಹೇಳಿದೆ. ಮೇಡಂ ಮಾರಯ್ಯನಿಗೆ ಏಣಿ ತೋರಿಸಿದರು. "ಬೇಗ ಮಾಡೋಣ" ಎಂದರು.

ಗ್ಯಾಸ್ ಪರೀಕ್ಷೆಗೆ ನಮ್ಮ ಸ್ಟೇಷನ್ನಿನದೇ ಒಂದು ಪದ್ಧತಿ ಇತ್ತು. ಹಿಂದೆಲ್ಲ ಮಾರಯ್ಯ ಮೇಲೆ ಹತ್ತಿ ನಲ್ಲಿಯ ಬಾಯಿಗೇ ಬೆಂಕಿಕಡ್ಡಿ ಹಿಡಿಯುತ್ತಿದ್ದ. ಹತ್ತಿಕೊಂಡರೆ ಗ್ಯಾಸು, ಇಲ್ಲವಾದರೆ ಗಾಳಿ. ಒಮ್ಮೆ ಹತ್ತಿಕೊಂಡು ಅವನ ಅರ್ಧ ಮೀಸೆ ಹೋಯಿತು. ಎಣ್ಣೆ ತುಂಬಿದ ಟ್ಯಾಂಕಿನ ಮೇಲೆ ಬೆಂಕಿ ಗೀಚುವವನಿಗೆ ಮೀಸೆಯಷ್ಟೇ ಹೋದದ್ದು ಪುಣ್ಯ. ಆಮೇಲೆ ಅವನೇ ಒಂದು ಉಪಾಯ ಮಾಡಿದ. ಗಾರೆಯವರು ನೀರು ತುಂಬಿ ಮಟ್ಟ ನೋಡುವ ಉದ್ದನೆಯ ಪ್ಲಾಸ್ಟಿಕ್ ಪೈಪನ್ನು ನಲ್ಲಿಗೆ ಸಿಕ್ಕಿಸಿ ಕೆಳಗೆ ಇಳಿಬಿಡುವುದು, ಕೆಳಗೆ ನಿಂತವರು ದನದ ಡಾಕ್ಟರ ಹತ್ತಿರ ತಂದ ದಪ್ಪ ಗಾಜಿನ ಸಿರಿಂಜಿನಲ್ಲಿ ಎಳೆದುಕೊಳ್ಳುವುದು, ದೂರ ಹೋಗಿ ಬೆಂಕಿ ತೋರಿಸುವುದು. ಮೇಡಮ್ಮಿಗೂ ಅದು ಒಪ್ಪಿಗೆಯಾಗಿತ್ತು. ಮಾರಯ್ಯ ಆ ಪೈಪನ್ನು ಸ್ವಂತ ಆಸ್ತಿಯ ಹಾಗೆ ಸುರುಳಿ ಸುತ್ತಿ ಗೂಟಕ್ಕೆ ನೇತುಹಾಕುತ್ತಿದ್ದ.

ಅವನು ಹತ್ತಿದ. ಪೈಪು ಸಿಕ್ಕಿಸಿದ. "ಬಿಟ್ಟೆ!" ಎಂದು ಕೂಗಿದ. ಕೆಳಗೆ ಮೇಡಂ ಸಿರಿಂಜಿನ ದಂಡ ನಿಧಾನವಾಗಿ ಎಳೆದರು. ತುಂಬಿತು. "ಮುಚ್ಚಿ" ಎಂದರು. ಕಂಟ್ರೋಲ್ ರೂಮಿನ ಜಗಲಿಗೆ ಹೋಗಿ ಸೂಜಿ ಸಿಕ್ಕಿಸಿ, ನಾನು ಹಿಡಿದ ಬೆಂಕಿಕಡ್ಡಿಯ ಕಡೆಗೆ ಮೆಲ್ಲನೆ ಒತ್ತಿದರು. ಕಡ್ಡಿಯ ಉರಿ ಸ್ವಲ್ಪ ಅಲುಗಿತು, ಅಷ್ಟೆ. ಇನ್ನೊಂದು ಕಡ್ಡಿ ಗೀಚಿದೆ. ಅದೂ ಹಾಗೇ. ಬಣ್ಣವಿಲ್ಲ, ವಾಸನೆಯಿಲ್ಲ, ಉರಿಯಿಲ್ಲ.

"ಗಾಳಿ!" ಎಂದು ನಾನೇ ಕಿರುಚಿದೆ.

ಅಷ್ಟರಲ್ಲಿ ಮೇಡಂಗೂ ಮೇಲಿನ ಇಂಜಿನಿಯರ್, ಇಇ ಉಮಾಮಹೇಶ್ವರ ಸಾಹೇಬರ ಫೋನ್ ಬಂತು. ಮೇಡಂ ಇದ್ದದ್ದನ್ನು ಹೇಳಿದರು. ಆ ಕಡೆಯಿಂದ ಬಂದ ಮಾತು ನನಗೂ ಕೇಳಿಸುವಷ್ಟು ಜೋರಾಗಿತ್ತು. "ಉರೀಲಿಲ್ಲ ಅಂದ್ಮೇಲೆ ಇನ್ನೇನ್ರೀ ನೋಡ್ತಾ ಕೂತಿದೀರಿ? ಚಾರ್ಜ್ ಮಾಡಿ, ಕರೆಂಟ್ ಕೊಡಿ!" ಎಳೆದುಕೊಂಡಷ್ಟು ಜಾಗಕ್ಕೆ ಡಬ್ಬಿಯಲ್ಲಿ ಸ್ವಲ್ಪ ಎಣ್ಣೆ ಮೇಲೇರಿದ್ದರಿಂದ ಗಂಟೆಯೂ ಸುಮ್ಮನಾಗಿತ್ತು. ಮಾರಯ್ಯ ಇಳಿದು ಬಂದು ನನ್ನ ಬೆನ್ನು ತಟ್ಟಿದ. "ಉಳಿದ ಗಾಳಿ ನಾಳೆ ಬಿಟ್ರಾಯ್ತು. ಮೊದ್ಲು ನಿನ್ ಹೆಂಡ್ತಿಗೆ ಕರೆಂಟ್ ಕೊಡು ಮಾರಾಯ."

ರಾಡುಗಳನ್ನು ತೆಗೆದೆ. ನಮ್ಮದು ಬಡ ಸ್ಟೇಷನ್. ಟ್ರಾನ್ಸ್‌ಫಾರ್ಮರಿನ ಮೇಲುಗಡೆಯ, ಅಂದರೆ ಕರೆಂಟು ಒಳಗೆ ಬರುವ ಲೈನಿಗೆ ತಾನಾಗಿ ಕಡಿಯುವ ಬ್ರೇಕರ್ ಇಲ್ಲ, ಇರುವುದು ಫ್ಯೂಸ್ ಮತ್ತು ಕೈಯಿಂದ ತಳ್ಳುವ ಸ್ವಿಚ್ಚು. ಅಂಗಳದಲ್ಲಿ, ಟ್ರಾನ್ಸ್‌ಫಾರ್ಮರಿಗೆ ಮಾರುದೂರದಲ್ಲಿ ನಿಂತು ಹ್ಯಾಂಡಲ್ ತಳ್ಳಿದರೆ ಅದು ಚಾರ್ಜ್ ಆಗುತ್ತದೆ. ಕೈಗವಸು ಹಾಕಿಕೊಂಡು ಬೀಗ ತೆಗೆದೆ. ಹ್ಯಾಂಡಲ್ ಹಿಡಿದೆ. ಮನಸ್ಸಿನಲ್ಲೇ ಕಳಸೇಶ್ವರನಿಗೆ ಒಂದು ಹಣ್ಣುಕಾಯಿ ಹೇಳಿಕೊಂಡೆ.

"ಉಮೇಶ್! ಕೈ ತೆಗಿ! ಕೈ ತೆಗಿ ಅಂದೆ!"

ಯಾವತ್ತೂ ಏಕವಚನದಲ್ಲಿ ಮಾತಾಡದ ಮೇಡಂ ಹಾಗೆ ಕೂಗಿದ್ದರಿಂದಲೇ ನನ್ನ ಕೈ ನಿಂತಿತು. ತಿರುಗಿ ನೋಡಿದರೆ ಅವರು ಮಾರಯ್ಯನ ಪೈಪಿನ ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದರು. ಸುತ್ತಿಡಲು ತೆಗೆದುಕೊಂಡವರು ಒಂದು ತುದಿ ಮೂಸುತ್ತಿದ್ದರು, ಇನ್ನೊಂದು ತುದಿ ಮೂಸುತ್ತಿದ್ದರು.

"ಇಲ್ಲಿ ಬನ್ನಿ, ನೀವೂ ನೋಡಿ."

ಸಿರಿಂಜಿಗೆ ಸಿಕ್ಕಿಸಿದ್ದ ತುದಿಯಲ್ಲಿ ಬರೀ ಪ್ಲಾಸ್ಟಿಕ್ ವಾಸನೆ. ನಲ್ಲಿಗೆ ಸಿಕ್ಕಿಸಿದ್ದ ತುದಿಗೆ ಮೂಗು ಇಟ್ಟರೆ ಗಂಟಲಿಗೆ ಹಿಡಿಯುವ ಘಾಟು, ಸೀದ ಎಣ್ಣೆಯ ಹಾಗೆ.

"ಈ ಪೈಪಲ್ಲಿ ಹಿಡಿಯೋ ಗಾಳಿ ಎಷ್ಟು? ಈ ಸಿರಿಂಜಿನ ಮೂರ್ನಾಲ್ಕು ಪಟ್ಟು. ನಾನು ಎಳೆದಿದ್ದು ಒಂದೇ ಸಿರಿಂಜು. ಪೈಪಿನೊಳಗೆ ಮೊದಲೇ ಇದ್ದ ಗಾಳೀನೇ ಎಳ್ಕೊಂಡಿದೀನಿ ನಾನು. ರಿಲೇಯಲ್ಲಿರೋದು ಇನ್ನೂ ಪೈಪಿನ ಅರ್ಧಕ್ಕೂ ಬಂದಿರ್ಲಿಲ್ಲ." ನಾವು ಬೆಂಕಿ ಹಿಡಿದು ಪರೀಕ್ಷೆ ಮಾಡಿದ್ದು ನಮ್ಮ ಅಂಗಳದ ಗಾಳಿಯನ್ನೇ.

ಮಾರಯ್ಯ ಪೈಪನ್ನು ನೋಡಿದ. ಅವನ ಮುಖ ನೋಡಲಾಗಲಿಲ್ಲ. "ಇಷ್ಟು ದಿನ ಹಾಗಾದ್ರೆ ನಾವು ಗಾಳಿ ಅಂದಿದ್ದೆಲ್ಲ…" ಎಂದು ಶುರುಮಾಡಿ ಅಲ್ಲೇ ಬಿಟ್ಟ. ಯಾಕೋ ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ಮೇಡಂ ಮೇಲೆ. ಇನ್ನೊಂದು ನಿಮಿಷ ತಡೆದು ಮೂಸಿದ್ದರೆ ಇವರ ಗಂಟೇನು ಹೋಗುತ್ತಿತ್ತು, ಕಳಸದಲ್ಲಿ ದೀಪ ಬಂದಿರುತ್ತಿತ್ತು ಎಂದೇ ಅನಿಸಿತು. ಸಂಕಟದಲ್ಲಿ ಮನುಷ್ಯನ ಬುದ್ಧಿ ಮಂಗನ ಕೈಗೆ ಹೋಗುತ್ತದೆ.

ಮತ್ತೆ ಬೀಗ, ಮತ್ತೆ ರಾಡು. ಈ ಸಲ ಮೇಡಂ ಚೂಡಿದಾರದ ದುಪಟ್ಟಾ ಸೊಂಟಕ್ಕೆ ಬಿಗಿದು ತಾವೇ ಏಣಿ ಹತ್ತಿದರು. ಸಿರಿಂಜಿಗೆ ಬೆರಳುದ್ದದ ರಬ್ಬರ್ ತುಂಡು ಸಿಕ್ಕಿಸಿ ನಲ್ಲಿಯ ಬಾಯಿಂದಲೇ ಎಳೆದರು. ಮೊದಲು ಎಳೆದದ್ದನ್ನು ಹೊರಗೆ ಬಿಟ್ಟು ಮತ್ತೆ ತುಂಬಿದರು. ಇನ್ನೊಂದು ಸಿರಿಂಜಿಗೂ ತುಂಬಿ ಅದರ ಬಾಯಿ ಬಿಗಿಯಾಗಿ ಮುಚ್ಚಿದರು.

ಜಗಲಿಗೆ ಬಂದೆವು. ಮತ್ತೆ ಕಡ್ಡಿ ಗೀಚಿ ಹಿಡಿದೆ. ಉರಿಯಬಾರದು ಎಂದು ನಾನು ಬೇಡಿಕೊಳ್ಳುತ್ತಿದ್ದೆ, ಸುಳ್ಳು ಹೇಳುವುದಿಲ್ಲ. ಮೇಡಂ ಒತ್ತಿದರು. ಪಕ್ ಎಂದು ಹತ್ತಿಕೊಂಡಿತು. ಸೂಜಿಯ ತುದಿಯಲ್ಲಿ ಸಣ್ಣದೊಂದು ಉರಿ, ಬುಡ ನೀಲಿ, ತುದಿ ಹಳದಿ. ಅವರು ಒತ್ತುತ್ತಿದ್ದಷ್ಟು ಹೊತ್ತೂ ಉರಿಯಿತು.

"ಒಳಗೆ ಎಲ್ಲೋ ಸುಡ್ತಾ ಇದೆ" ಎಂದರು ಮೇಡಂ. "ಚಾರ್ಜ್ ಮಾಡೋ ಹಾಗಿಲ್ಲ."

ನಾನು ಅವರ ಕಾಲಿಗೆ ಬೀಳುವುದೊಂದು ಬಾಕಿ. "ಮೇಡಂ, ಒಂದು ಗಂಟೆ. ಆಪರೇಷನ್ ಮುಗಿಯೋ ತನಕ. ಬೆಳಿಗ್ಗೆಯಿಂದ ನಡೆದಿಲ್ವಾ? ಇನ್ನೊಂದು ಗಂಟೆ ನಡೆಯಲ್ವಾ? ಹೆಚ್ಚು ಕಮ್ಮಿ ಆದ್ರೆ ಟ್ರಿಪ್ ಆಗುತ್ತಲ್ಲ."

"ಟ್ರಿಪ್ ಆದ್ರೆ ತೆಗೆಯೋದು ಊರುಗಳಿಗೆ ಹೋಗೋ ಕಡೆಯ ಬ್ರೇಕರ್ ಮಾತ್ರ ಉಮೇಶ್. ಮೇಲಿಂದ ಬರೋ ಕರೆಂಟು ಫ್ಯೂಸ್ ಹೋಗೋ ತನಕ ಟ್ಯಾಂಕಿನೊಳಗೆ ಬರ್ತಾನೇ ಇರುತ್ತೆ. ಚಾರ್ಜ್ ಮಾಡೋ ಹೊತ್ತಲ್ಲೇ ಎಳೆತ ಜಾಸ್ತಿ. ಆ ಹೊತ್ತಲ್ಲಿ ಪಕ್ಕದಲ್ಲಿ ನಿಂತಿರೋದು ನೀವು. ಟ್ಯಾಂಕ್ ಒಡೆದ್ರೆ ಮೈಮೇಲೆ ಬರೋದು ಉರಿಯೋ ಎಣ್ಣೆ."

"ಆಗ್ಲಿ ಬಿಡಿ!"

"ನೀವು ಆಗ್ಲಿ ಅಂದ್ರೆ ಆಯ್ತಾ? ಟ್ರಾನ್ಸ್‌ಫಾರ್ಮರ್ ಹೋದ್ರೆ ಆಸ್ಪತ್ರೆಗೆ ಇವತ್ತೂ ಇಲ್ಲ, ಮುಂದೆ ತಿಂಗಳುಗಟ್ಲೆನೂ ಇಲ್ಲ." ಹಾಗೆ ಗದರಿ, "ಸಂಸೆ ಕಡೆಯಿಂದ ತರೋಣ" ಎಂದರು.

ಸಂಸೆ ಕಡೆಯ ಲೈನು ಬೇರೆ ಸ್ಟೇಷನ್ನಿನದು. ಕಳಸ ದಾಟಿದ ಮೇಲೆ ಒಂದು ಕಡೆ ನಮ್ಮ ಲೈನೂ ಅದೂ ಮುಖಾಮುಖಿ ಆಗುತ್ತವೆ. ನಡುವೆ ಕಂಬದ ಮೇಲೊಂದು ಸ್ವಿಚ್ಚು, ಯಾವಾಗಲೂ ತೆರೆದೇ ಇರುವುದು. ಅದನ್ನು ಹಾಕಿದರೆ ಆ ಕಡೆಯ ಕರೆಂಟು ಈ ಕಡೆಗೆ ಬರುತ್ತದೆ. ಆದರೆ ಆ ಬಡಕಲು ಲೈನು ಕಳಸದ ಪೇಟೆಯೊಂದನ್ನು ಹೊತ್ತರೆ ಹೆಚ್ಚು. ಮೇಡಂ ಫೋನಿನಲ್ಲಿ ಇಇ ಸಾಹೇಬರ ಜೊತೆ ಜಗಳವನ್ನೇ ಆಡಿದರು. ಗಾಳಿ ಎಂದವರು ಈಗ ಗ್ಯಾಸ್ ಎನ್ನುತ್ತೀರಲ್ಲ ಎಂದು ಅವರು, ಉರಿದದ್ದನ್ನು ಕಣ್ಣಾರೆ ನೋಡಿದ್ದೇನೆ ಎಂದು ಇವರು. ಕೊನೆಗೆ ಒಪ್ಪಿಗೆ ಸಿಕ್ಕಿತು. ಪೇಟೆ ಬಿಟ್ಟು ಮಿಕ್ಕ ಊರುಗಳನ್ನೆಲ್ಲ ಲೈನ್‌ಮನ್‌ಗಳಿಂದ ಕಳಚಿಸುವ ಏರ್ಪಾಡಾಯಿತು.

"ಸ್ಟೇಷನ್ ನಾನು ನೋಡ್ಕೋತೀನಿ. ಜೀಪಲ್ಲಿ ನೀವೇ ಹೋಗಿ ಸ್ವಿಚ್ ಹಾಕಿ" ಎಂದರು. "ನಾನು ವೈರ್‌ಲೆಸ್ಸಲ್ಲಿ ಹೇಳೋ ತನಕ ಮುಟ್ಬೇಡಿ."

ಕಳಸದ ದಾರಿ ತಿರುವಿನ ಮೇಲೆ ತಿರುವು. ಎಷ್ಟು ಸಲ ಡ್ರೈವರ್ ಚೌಡಯ್ಯನಿಗೆ ಬೈದೆನೋ. ಕಷ್ಟವೆಂದರೆ ಆಸ್ಪತ್ರೆ ದಾರಿಯಲ್ಲೇ ಸಿಗುತ್ತದೆ, ಸ್ವಿಚ್ಚಿನ ಕಂಬ ಅದನ್ನು ದಾಟಿದ ಮೇಲೆ. ಗೇಟಿನಲ್ಲಿ ರಂಗಮ್ಮ ನಿಂತಿದ್ದರು. ಜೀಪು ನೋಡಿ ಕೈ ಎತ್ತಿ ಓಡಿ ಬಂದರು.

"ನಿಲ್ಲಿಸ್ಲಾ?" ಎಂದ ಚೌಡಯ್ಯ.

ಇಳಿದರೆ ಮತ್ತೆ ಹತ್ತುವುದು ನನ್ನಿಂದಾಗದು ಎಂದು ಗೊತ್ತಿತ್ತು. "ಹೋಗು" ಎಂದೆ. ಕನ್ನಡಿಯಲ್ಲಿ ಅತ್ತೆ ಕೈ ಎತ್ತಿಕೊಂಡೇ ಸಣ್ಣದಾಗುತ್ತಾ ಹೋದರು. ನನಗೆ ಅಳು ಬಂತು, ಅತ್ತುಬಿಟ್ಟೆ. ಚೌಡಯ್ಯ ರಸ್ತೆ ನೋಡುತ್ತಾ ಕೂತ.

ಕಂಬದ ಬುಡದಲ್ಲಿ ವೈರ್‌ಲೆಸ್ ಕಿವಿಗೆ ಹಿಡಿದು ನಿಂತದ್ದು ಎಷ್ಟು ಹೊತ್ತೋ. ಕೊನೆಗೆ ಮೇಡಂ ಸ್ವರ ಬಂತು. ಹ್ಯಾಂಡಲ್ ತಳ್ಳಿದೆ. ಮೇಲೆ ಸಣ್ಣ ಕಿಡಿ ಹಾರಿ ಸ್ವಿಚ್ಚು ಕೂತುಕೊಂಡಿತು.

ಆ ಬಡಕಲು ಲೈನು ತಡೆಯುತ್ತದೋ ಇಲ್ಲವೋ ಎಂದು ಬಹಳ ಹೊತ್ತು ಕಂಬದ ಬುಡದಲ್ಲೇ ಕಾದು ವಾಪಸು ಬಂದಾಗ ಆಸ್ಪತ್ರೆಯ ದೀಪಗಳು ಚಿಮಣಿಯ ಹಾಗೆ ಮಂಕಾಗಿ ಉರಿಯುತ್ತಿದ್ದವು. ಉರಿಯುತ್ತಿದ್ದವು, ಅದೇ ಸಾಕು. ಆಪರೇಷನ್ ಆಗಿತ್ತು. ಕರೆಂಟು ಬಂದ ಮೇಲೆಯೇ ಒಳಗೆ ಕರೆದುಕೊಂಡು ಹೋದರಂತೆ. ಹೆಣ್ಣು ಮಗು. ತಾಯಿ ಮಗು ಇಬ್ಬರೂ ಕ್ಷೇಮ. ರಂಗಮ್ಮ ನನ್ನನ್ನು ನೋಡಿ ಮುಖ ತಿರುಗಿಸಿಕೊಂಡರು. "ಗೇಟಿನ ಮುಂದೆ ಬಂದ್ರೂ ನಿಲ್ಲಿಸ್ಲಿಲ್ಲ ನಿನ್ ಗಂಡ" ಎಂದು ಮಗಳಿಗೆ ಎಚ್ಚರವಾದ ಕೂಡಲೇ ವರದಿ ಒಪ್ಪಿಸಿದರು. ಭವ್ಯಾ ನನ್ನ ಹತ್ತಿರ ಮಾತಾಡಲಿಲ್ಲ. ನಾನು ಲೈನು, ಸ್ವಿಚ್ಚು ಎಂದು ಏನೇನೋ ತೊದಲಿದೆ. ಹೊಟ್ಟೆ ಕೊಯ್ಯಿಸಿಕೊಂಡು ಮಲಗಿದವಳಿಗೆ ಅದೆಲ್ಲ ಯಾಕೆ ಬೇಕು?

ಮೇಡಂ ಮುಚ್ಚಿಟ್ಟ ಇನ್ನೊಂದು ಸಿರಿಂಜು ಬೆಂಗಳೂರಿನ ಲ್ಯಾಬಿಗೆ ಹೋಗಿತ್ತು. ಉತ್ತರ ಫೋನಿನಲ್ಲೇ ಬಂತು. ಗ್ಯಾಸಿನಲ್ಲಿ ಅಸಿಟಿಲೀನ್ ಬಹಳ ಇದೆಯಂತೆ. ವೆಲ್ಡಿಂಗ್ ಅಂಗಡಿಯಲ್ಲಿ ಉರಿಸುತ್ತಾರಲ್ಲ, ಅದೇ. ಎಣ್ಣೆಯೊಳಗೆ ಕಿಡಿ ಹೊಡೆಯದೆ ಅದು ಅಷ್ಟು ಹುಟ್ಟುವುದಿಲ್ಲ. ಆದರೆ ಒಳಗಿನ ತಂತಿಗೆ ಸುತ್ತಿದ ಕಾಗದ ಸುಟ್ಟರೆ ಬರುವ ಕಾರ್ಬನ್ ಮಾನಾಕ್ಸೈಡ್ ಕಡಿಮೆ. "ಹಾಗಂದ್ರೆ ಕಾಗದ ಸುತ್ತಿರೋ ಕಾಯಿಲು ಚೆನ್ನಾಗಿದೆ. ಬರೀ ತಾಮ್ರ ಇರೋ ಜಾಗದಲ್ಲೆಲ್ಲೋ ಸಡಿಲ ಆಗಿರ್ಬೇಕು" ಎಂದರು ಮೇಡಂ. ರಿಪೇರಿಯವರು ಬಂದು ಎಣ್ಣೆ ಇಳಿಸಿ ಮುಚ್ಚಳ ಎತ್ತಿದಾಗ ಹಾಗೇ ಇತ್ತು. ವೋಲ್ಟೇಜ್ ಹೆಚ್ಚು ಕಡಿಮೆ ಮಾಡುವ ಸ್ವಿಚ್ಚಿನ ಒಂದು ಕಾಂಟ್ಯಾಕ್ಟು ಸಡಿಲವಾಗಿ, ಕಿಡಿ ಹೊಡೆದು ಹೊಡೆದು, ಇಲಿ ತಿಂದ ಕೊಬ್ಬರಿಯ ಹಾಗಾಗಿತ್ತು. ಇನ್ನು ಕೂದಲೆಳೆಯಷ್ಟೇ ಅಂಟಿಕೊಂಡಿತ್ತು.

"ಇನ್ನೊಂದು ಸಲ ಚಾರ್ಜ್ ಮಾಡಿದ್ರೆ ಮುಗೀತಿತ್ತು" ಎಂದ ರಿಪೇರಿಯವನು. "ಯಾರಪ್ಪಾ ತಡೆದಿದ್ದು?"

ನಾನು ಅದನ್ನು ನೋಡುತ್ತಾ ನಿಂತೆ. ಆವತ್ತು ಹ್ಯಾಂಡಲ್ ಹಿಡಿದು ನಿಂತಾಗ ನನಗೆ ಹೆದರಿಕೆ ಆಗಿರಲಿಲ್ಲ. ಈಗ ಹೋಗಿ ಜಗಲಿಯ ಮೇಲೆ ಕೂತೆ.

ಆ ಸಂಜೆ ಕಳಸಕ್ಕೆ, ಅತ್ತೆಯ ಮನೆಗೆ ಹೋದೆ. ಭವ್ಯಾ ಗೋಡೆಗೊರಗಿ ಕೂತು ಮಗುವಿಗೆ ಹಾಲು ಕೊಡುತ್ತಿದ್ದಳು. ಆವರೆಗೂ ಮಗುವನ್ನು ನನ್ನ ಕೈಗೆ ಕೊಟ್ಟಿರಲಿಲ್ಲ.

"ಆವತ್ತು ಮೊದಲು ನಮ್ಮ ಸ್ಟೇಷನ್ ಟ್ರಾನ್ಸ್‌ಫಾರ್ಮರನ್ನೇ ಹಾಕೋನಿದ್ದೆ" ಎಂದೆ. "ಹ್ಯಾಂಡಲ್ ಹಿಡಿದಾಗಿತ್ತು. ಮೇಡಂ ಕೂಗದಿದ್ರೆ ತಳ್ಳಿಬಿಡ್ತಿದ್ದೆ. ತಳ್ಳಿದ್ರೆ ನಾನು ಇರ್ತಿರ್ಲಿಲ್ಲ ಭವ್ಯಾ."

ಅವಳು ನನ್ನ ಮುಖ ನೋಡಿದಳು.

"ಹಿಡಿದಿದ್ದು ಯಾವ ಕೈ?" ಎಂದು ಕೇಳಿದಳು.

"ಎರಡೂ."

ಮಗುವಿನ ಬಾಯಿ ಒರೆಸಿ, ಬಟ್ಟೆ ಸರಿಮಾಡಿ, ಮುಂದಕ್ಕೆ ಬಾಗಿ ನನ್ನ ಕಡೆಗೆ ಚಾಚಿದಳು. "ಹಿಡ್ಕೊಳ್ಳಿ" ಎಂದಳು. "ಕತ್ತಿನ ಕೆಳಗೆ ಕೈ ಕೊಡಿ."